ಇಪ್ಪತ್ತೆರಡಕ್ಕೆ ತಪ್ಪು ಹಾಕಿದ ಯಂತ್ರ

ನಾಗಯ್ಯ ಮೇಷ್ಟ್ರು ರಾಮಾಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಹೇಳಿದವರು. ಮೇಜು ತಟ್ಟುತ್ತಲೇ ಷಟ್ಪದಿ ಕಲಿಸುತ್ತಿದ್ದರು. ಬೆರಳ ಗೆಣ್ಣು ದಪ್ಪಗಾಗಿತ್ತು. ನಾನು ಅದೇ ಶಾಲೆಯಲ್ಲಿ ಲೆಕ್ಕ ಹೇಳುತ್ತಿದ್ದೆ. ಅವರಿಗೆ ಸಿಟ್ಟು ಬಂದರೆ ಮಕ್ಕಳಿಗಿಂತ ಮೊದಲು ನಾನು ಹೆದರುತ್ತಿದ್ದೆ.

ನಿವೃತ್ತರಾದ ಮೇಲೆ ಅವರ ಬಳಿ ಪದ್ಯ ಕಲಿಯುತ್ತಿದ್ದವಳು ಹೂಗ್ಯಂನ ಮಂಗಳ. ಕೊಳ್ಳೇಗಾಲದ ಭಾಮಿನಿ ಷಟ್ಪದಿ ಸ್ಪರ್ಧೆಗೆ ತನ್ನ ಅವ್ವ ಜವರಮ್ಮನ ಮೇಲೊಂದು ಪದ್ಯ ಕಳಿಸಿದ್ದಳು. ಆಯ್ಕೆಯಾದರೆ ವೇದಿಕೆಯಲ್ಲಿ ಓದಬಹುದಿತ್ತು. ಕಾರ್ಯಕ್ರಮದ ಹಿಂದಿನ ದಿನ, ಮಾತ್ರೆ ಎಣಿಸುವ ತಂತ್ರಾಂಶದ ಫಲಿತಾಂಶ ಮೊಬೈಲಿಗೆ ಬಂತು. ಐದು ಸಾಲು ಸರಿ. ‘ಸಾಲು ೩: ೨೨ ಮಾತ್ರೆ. ಬೇಕಾದದ್ದು ೨೩. ತಪ್ಪು.’ ಒಂದು ತಪ್ಪಿದ್ದರೂ ಪದ್ಯ ಹೊರಗೆ.

ಆ ಸಾಲು ಇದು: ‘ಕಾಡ ಹಾದಿಯಲಾನೆ ಬಂದರೆ ರಾಗಿ ಕಾಯುವಳು’.

ಮೇಷ್ಟ್ರು ಮೊದಲ ಬಸ್ಸಿಗೇ ಹೊರಟರು. ಜೊತೆಗೆ ನಾನು, ಅಳುಮುಖದ ಮಂಗಳ.

ಸಮಿತಿಯ ಕೋಣೆಯಲ್ಲಿ ಅಧ್ಯಕ್ಷ ಸಿದ್ದಮಲ್ಲಪ್ಪನವರೂ, ಆ ತಂತ್ರಾಂಶ ಬರೆದ ಉಪನ್ಯಾಸಕ ಬಸವೇಶನೂ ಇದ್ದರು.

“ಕಂಪ್ಯೂಟರ್ ಎಣಿಸಿರೋದು ಸಾ, ತಪ್ಪಾಗಲ್ಲ,” ಎಂದ ಬಸವೇಶ.

“ನೀನು ಬಾಯ್ಬಿಟ್ಟು ಓದಿದ್ಯೇನಪ್ಪಾ?” ಎಂದರು ಮೇಷ್ಟ್ರು.

“ನಾನೂರು ಪದ್ಯ ಸಾ. ಓದೋಕಾಯ್ತದಾ?”

ಕೋಣ ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದರಂತೆ! ಓದದೆ ತೀರ್ಪು ಕೊಡುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಮೇಷ್ಟ್ರು ವಾದಿಸಲಿಲ್ಲ. ಆಹ್ವಾನಪತ್ರಿಕೆಯ ಮೇಲೆ ಅಚ್ಚಾಗಿದ್ದ ಅಧ್ಯಕ್ಷರ ಸ್ವಂತ ಷಟ್ಪದಿಯನ್ನು ಮುಂದಿಟ್ಟರು.

“ಇದ್ರ ಮೂರನೇ ಸಾಲ್ನ ಕಂಪ್ಯೂಟರ್‌ಗೆ ಆಕಪ್ಪ.”

‘ನಾಡ ಹಿರಿಮೆಯ ಹಾಡ ಬನ್ನಿರಿ ಕೂಡಿ ನಲಿಯುವೆವು’. ಬಸವೇಶ ಕೀಲಿ ಒತ್ತಿದ. ೨೨. ತಪ್ಪು.

ಸಿದ್ದಮಲ್ಲಪ್ಪನವರ ಮುಖ ಕಪ್ಪಿಟ್ಟಿತು. “ಇದೆಂಗೆ ತಪ್ಪಾಯ್ತದೆ? ಪಾದದ ಕೊನೇಲಿ ಲಘು ಬಂದ್ರೆ ಗುರು ಅಂತ ಎಣಿಸ್ಬೇಕು! ಅಷ್ಟೂ ಗೊತ್ತಿಲ್ವೇನಯ್ಯಾ?”

ಮೇಷ್ಟ್ರ ಅಂಗೈ ಮೇಜಿಗೆ ಅಪ್ಪಳಿಸಿತು. “ಗೊತ್ತಿತ್ತಲ್ಲಾ ನಿಮ್ಗೆ! ನಿಮ್ ಸಾಲಿಗೆ ಏಟು ಬಿದ್ದಾಗ ನೆನಪಾಯ್ತು. ಆನೆ ಮುಂದೆ ನಿಲ್ಲೋಳ ಸಾಲಿಗ್ ಯಾಕ್ ಆಗ್ನಿಲ್ಲ?”

ಬಸವೇಶ ತಲೆ ತಗ್ಗಿಸಿ, ಮೂರನೇ ಮತ್ತು ಆರನೇ ಸಾಲಿನ ಕೊನೆಯ ಅಕ್ಷರ ಲಘುವಾದರೂ ಎರಡು ಮಾತ್ರೆ ಹಿಡಿಯುವಂತೆ ತಿದ್ದಿದ. ಮಂಗಳಳ ಸಾಲಿಗೂ ಅಧ್ಯಕ್ಷರ ಸಾಲಿಗೂ ‘೨೩. ಸರಿ’ ಬಂತು.

“ಆಯ್ತು ಬುಡಿ ಮೇಷ್ಟ್ರೇ, ಈ ಉಡುಗಿ ಎಸರು ಸೇರಿಸ್ತೀವಿ,” ಎಂದರು ಅಧ್ಯಕ್ಷರು. ಮಂಗಳ ಕಣ್ಣೊರೆಸಿಕೊಂಡಳು. ನಾನು ಎದ್ದೆ.

ಮೇಷ್ಟ್ರು ಏಳಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

“ಇಪ್ಪತ್ತೆರಡು ಅಂತ ಒರಗಾಕಿದ್ದೀರಲ್ಲ, ಆ ಪದ್ಯ ಎಲ್ಲಾ ತಗೀರಿ. ಇವ್ಳಿಗೆ ಕೇಳೋಕೆ ನಾನಿದ್ದೆ. ಆ ಮಕ್ಕಳಿಗೆ ಯಾರವ್ರೆ? ಮಂಗಳಾ, ನೀನು ಒಂದೊಂದೇ ಜೋರಾಗಿ ಓದವ್ವ.”