ಸೇಡಂ ರಸ್ತೆಯ ಮೊದಲ ದವಾಖಾನೆ

ತೊಂಬತ್ತರ ದಶಕದಲ್ಲಿ ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನು ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಓದುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು.

ನಮ್ಮ ಮೇಷ್ಟ್ರು ಮ್ಯಾನೇಜರೊಬ್ಬನ ಸಣ್ಣ ಪ್ರಸಂಗ ಓದಿ, ಅವನ ನಿರ್ಧಾರ ಯಾವ ಬಗೆಯದೆಂದು ಕೇಳುತ್ತಿದ್ದರು. ಎಲ್ಲ ದಾರಿಗಳನ್ನೂ, ಅವುಗಳ ಪರಿಣಾಮಗಳನ್ನೂ ತಿಳಿದು, ತೂಗಿ, ಅತ್ಯುತ್ತಮವಾದುದನ್ನು ಆರಿಸಿದರೆ ಅದು ರ‍್ಯಾಷನಲ್. ಸಮಯ, ಮಾಹಿತಿ ಸಾಲದೆ, ಸಾಕೆನಿಸಿದ ಮೊದಲ ದಾರಿಗೇ ನಿಂತರೆ ಬೌಂಡೆಡ್, ಅಂದರೆ ಸೀಮಿತ ವಿವೇಚನೆ. ಅವಸರದ ನಿರ್ಧಾರವೆಲ್ಲ ಬೌಂಡೆಡ್ ಎಂದು ನಾವು ಮೊದಮೊದಲು ತಪ್ಪು ಬರೆಯುತ್ತಿದ್ದೆವು; ಸಾಕೇ ಎಂದೂ ನೋಡದೆ ಹಿಡಿದದ್ದು ಬೌಂಡೆಡ್ ಅಲ್ಲ.

ಆ ಚಳಿಗಾಲದಲ್ಲಿ ಗೆಳತಿಯ ಅವ್ವನಿಗೆ ಎದೆನೋವು ಬಂತು. ಅವಳ ಅಣ್ಣ ಊರಲ್ಲಿರಲಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಗೆಳತಿಯೇ ಕಲಬುರಗಿಗೆ ತಂದು, ಸೇಡಂ ರಸ್ತೆಯಲ್ಲಿ ಡಾಕ್ಟರೂ ಖಾಲಿ ಹಾಸಿಗೆಯೂ ಇದ್ದ ಮೊದಲ ದವಾಖಾನೆಗೇ ಸೇರಿಸಿದಳು. ಮರುದಿನ ಅವ್ವ ತೀರಿಕೊಂಡಳು.

ಮಣ್ಣಿಗೆ ಬಂದವರೆಲ್ಲರ ಎದುರು ಅಣ್ಣ ಅಂದನಂತೆ: “ಮ್ಯಾನೇಜ್‌ಮೆಂಟ್ ಓದಾಕಿ ನೀ. ನಾಕು ಕಡಿ ವಿಚಾರಿಸಿ ಛಲೋದು ಆರಿಸಬೇಕಿತ್ತು. ಮೊದಲ ಸಿಕ್ಕಿದ್ದಕ್ಕ ಹೊಕ್ಕೀದಿ.”

ಅವಳು ಕ್ಲಾಸಿಗೆ ಮರಳಿದ ವಾರವೇ ಮೇಷ್ಟ್ರು ಹೊಸ ಪ್ರಸಂಗ ಓದಿದರು. ಕಾರ್ಖಾನೆಯ ಯಂತ್ರ ಕೆಟ್ಟಿದೆ, ಸಂಜೆಯೊಳಗೆ ಬಿಡಿಭಾಗ ಬೇಕು. ಮ್ಯಾನೇಜರ್, ಕೆಲಸಕ್ಕೆ ಸಾಕಾಗುವಂಥದ್ದು ಸಿಕ್ಕ ಮೊದಲ ಅಂಗಡಿಯಲ್ಲೇ ಕೊಂಡ. ಆಮೇಲೆ ಅದೂ ಮುರಿಯಿತು.

“ತಪ್ಪು ನಿರ್ಧಾರ ರೀ ಸರ್,” ಎಂದ ಹಿಂದಿನ ಬೆಂಚಿನವನೊಬ್ಬ.

“ತಪ್ಪೋ ಸರಿಯೋ ಅಂತ ಕೇಳಿಲ್ಲಪ್ಪ. ಹ್ಯಾಂಗ ನಿರ್ಧಾರ ಮಾಡ್ದ ಅಂತ ಕೇಳೀನಿ.”

ಗೆಳತಿ ಎದ್ದು ನಿಂತಳು. “ಬೌಂಡೆಡ್ ರೀ ಸರ್. ಮುಂದ ಮುರೀತದ ಅಂತ ಅವಗ ಆಗ ಗೊತ್ತಿರಲಿಲ್ಲಲ್ರೀ. ಮತ್ತ ಹುಡುಕಾಕ ಹೊತ್ತೂ ಇರಲಿಲ್ಲ.”

“ಖರೇ ಅದ ನೋಡವ್ವ,” ಎಂದರು ಮೇಷ್ಟ್ರು. ಅವರಿಗೆ ಅವಳ ಅವ್ವನ ಸುದ್ದಿ ಗೊತ್ತಿರಲಿಲ್ಲ. ಅವಳು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

ರವಿವಾರ ನನ್ನನ್ನೂ ಕಮಲಾಪುರಕ್ಕೆ ಕರೆದುಕೊಂಡು ಹೋದಳು. ಅಂಗಳದಲ್ಲಿ ಕೂತಿದ್ದ ಅಣ್ಣನಿಗೆ ಆ ಪ್ರಸಂಗವನ್ನೇ ಹೇಳಿದಳು. ಅವನು ತಲೆ ಎತ್ತದೆ ಕೇಳಿಸಿಕೊಂಡ.

“ತಿಳೀತದ. ಆದ್ರ ನಾ ಇದ್ದಿದ್ರ ಬ್ಯಾರೆ ಕಡಿ ಒಯ್ತಿದ್ದೆ.”

“ನೀ ಇರಲಿಲ್ಲಲ್ಲ ಅಣ್ಣ,” ಎಂದಳು ಮೆಲ್ಲಗೆ.

ಅವನು ಎದ್ದು ಒಳಗೆ ಹೋದ. ಗಂಡಸು ಅಷ್ಟು ದೊಡ್ಡ ದನಿಯಲ್ಲಿ ಅಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವಳು ಬಾಗಿಲವರೆಗೆ ಹೋಗಿ ನಿಂತಳು, ಒಳಗೆ ಹೋಗಲಾಗಲಿಲ್ಲ.

ಪರೀಕ್ಷೆಯಲ್ಲಿ ಪಾಸಾಗಿ ಅವಳು ಕಲಬುರಗಿಯಲ್ಲೇ ನೌಕರಿ ಹಿಡಿದಳು. ಊರಿಗೆ ಹೋಗುವುದು ಅಪರೂಪವಾಯಿತು. ಅವಳ ಮದುವೆಗೆ ಅಣ್ಣ ಬಂದಿದ್ದ. ಅಕ್ಷತೆ ಹಾಕಿ, ಊಟಕ್ಕೆ ಕೂರದೆ, ಕಮಲಾಪುರದ ಬಸ್ ಹತ್ತಿದ.