ಇಬ್ಬರೂ ಗೆದ್ದ ರೇಸ್

ನಮ್ಮ ಮೊದಲ ಮೊಬೈಲ್ ಆಟವನ್ನು ಇಬ್ಬರು ಬೇರೆಬೇರೆ ಫೋನಿನಲ್ಲಿ ಆಡಬೇಕಿತ್ತು. ಜಿಪಿಆರ್‌ಎಸ್ ಇಂಟರ್ನೆಟ್ ನಿಧಾನ, ಸರದಿಯಂತೆ ಆಡುವ ಚೌಕಾಬಾರ ಮಾಡೋಣವೆಂದೆ. ಪಾಲುದಾರನಾದ ಭಾವಮೈದುನನಿಗೆ ಕಾರ್ ರೇಸ್ ಬೇಕಿತ್ತು.

"ಚೌಕಾಬಾರ ಮುದುಕ್ರಿಗೆ ಭಾವ, ನೀವೇ ಆಡ್ಕೊಳಿ!" ಎಂದು ಎಲ್ಲರೆದುರು ನಕ್ಕ. ಸೇಡು ತೀರಿಸಿಕೊಳ್ಳಬೇಕೆನಿಸಿತು.

ಅವನು ಸಿದ್ಧಾರ್ಥನಗರದ ನಮ್ಮ ಆಫೀಸಿನ ಕಂಪ್ಯೂಟರಿನಲ್ಲೇ ರೇಸ್ ಓಡಿಸಿ ನೋಡುತ್ತಿದ್ದ. ನಾನು ಗುಟ್ಟಾಗಿ ನಿಜವಾದ ಫೋನುಗಳಲ್ಲಿ ಆಡಿಸಿದೆ. ಎದುರಾಳಿಯ ಕಾರು ಎಲ್ಲಿದೆಯೆಂಬುದು ತಡವಾಗಿ ತಲುಪಿ, ಎರಡೂ ಫೋನು ತಂತಮ್ಮ ಕಾರೇ ಗೆದ್ದಿತೆಂದವು. ಅವನಿಗೆ ಹೇಳಲಿಲ್ಲ.

ಆಟ ಕೊಳ್ಳಲು ಬಂದ ಇಬ್ಬರು ಆಡಿದರು.

"ನಾನ್ ಗೆದ್ದೆ!"

"ಎಲ್ರೀ? ಗೆದ್ದಿದ್ದು ನಾನು ಕಣ್ರೀ!"

ಫೋನುಗಳನ್ನು ಮೇಜಿನ ಮೇಲಿಟ್ಟು ಹೊರಟೇಹೋದರು.

"ನಿಮ್ಗೆ ಮೊದ್ಲೇ ಗೊತ್ತಿತ್ತಾ, ಭಾವ?"

"ಗೊತ್ತಿತ್ತು ಕಣೋ" ಎಂದೆ. ಆಗ ಎಷ್ಟು ಹಾಯೆನಿಸಿತು ಎಂಬುದಕ್ಕೆ ಇಂದಿಗೂ ನಾಚುತ್ತೇನೆ. ಅವನು ಅಂದೇ ಪಾಲು ಬಿಟ್ಟ. ಚೌಕಾಬಾರದ ಪ್ರೋಗ್ರಾಂ ಅನ್ನು ಫೋನಿಗೆ ಬರೆಯಬಲ್ಲವನೂ ನಮ್ಮಲ್ಲಿ ಅವನೊಬ್ಬನೇ ಆಗಿದ್ದ.