ಕಾರಿನ ಬಾಗಿಲಿಗೆ ತುಕ್ಕು ಹತ್ತಿಸಿದವರು ಯಾರು

ಈ ಗೀರು ಸರಿಪಡಿಸಲು ನನ್ನ ಜೇಬಿನಿಂದ ಹೋದದ್ದು ಮೂರು ಸಾವಿರದ ಚಿಲ್ಲರೆ. ವಿಮೆಯ ಪಾಲಿಸಿಯಂತೆ ನಾವೇ ಹೊರಬೇಕಾದ ಒಂದು ಸಾವಿರ, ಕನ್ನಡಿಯ ಪ್ಲಾಸ್ಟಿಕ್ಕಿಗೆ ಸವಕಳಿ ಎಂದು ಹಿಡಿದ ಅರ್ಧ ಬೆಲೆ, ಬಣ್ಣದ ಸಾಮಗ್ರಿಯಲ್ಲಿ ಒಂದು ಪಾಲು. ಇಷ್ಟು ಕೊಡುವುದು ನ್ಯಾಯವೇ. ಆದರೆ ಬಾಗಿಲಿನ ದುಡ್ಡು ಪೂರ್ತಿ ಮುಳುಗುವುದರಲ್ಲಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭದ್ರಾವತಿಯ ಓಲ್ಡ್ ಟೌನ್‌ಗೆ ಪ್ಲೈವುಡ್ ಬಾಕಿ ವಸೂಲಿಗೆ ಹೋಗಿದ್ದೆ. ರಸ್ತೆ ಪಕ್ಕ ಕಾರು ನಿಲ್ಲಿಸಿ ಅಂಗಡಿಯೊಳಗೆ ಮಾತಾಡುತ್ತಿದ್ದಾಗ ಕಬ್ಬಿಣದ ಸರಳು ಹೇರಿದ ಲಗೇಜ್ ಆಟೋ ಒಂದು ಉಜ್ಜಿಕೊಂಡು ಹೋಯಿತು. ಬಲಗಡೆಯ ಕನ್ನಡಿ ಮುರಿಯಿತು, ಮುಂಚಕ್ರದ ಮೇಲಿನ ಫೆಂಡರ್ ನೆಗ್ಗಿತು, ಮುಂಬಾಗಿಲ ಉದ್ದಕ್ಕೂ ಗೀರು. ಆಟೋದವನು ಅಲ್ಲೇ ನಿಲ್ಲಿಸಿ ಕೈಮುಗಿದ. ಕೈಮುಗಿಯುವವರನ್ನು ನಾನು ಬೇಗ ನಂಬುವುದಿಲ್ಲ, ಅವನ ನಂಬರ್ ಪ್ಲೇಟಿನ ಫೋಟೋ ಹೊಡೆದುಕೊಂಡೆ.

ವಿನೋಬನಗರದ ಮನೆಗೆ ಬಂದು ವಿಮಾ ಕಂಪನಿಗೆ ಫೋನ್ ಮಾಡಿದೆ. ಸಣ್ಣ ಹಾನಿ, ಫೋಟೋ ಕಳಿಸಿದರೆ ಸಾಕು ಎಂದರು. ನಾಲ್ಕು ಮೂಲೆಗಳಿಂದ ಇಡೀ ಗಾಡಿ, ಓಡಿದ ಕಿಲೋಮೀಟರ್, ಚಾಸಿ ನಂಬರ್, ಆಮೇಲೆ ಪೆಟ್ಟಾದ ಪ್ರತಿ ಭಾಗದ್ದು ದೂರದಿಂದೊಂದು, ಹತ್ತಿರದಿಂದೊಂದು. ಮಾರನೆಯ ಬೆಳಿಗ್ಗೆ ನನಗೆ ಗೊತ್ತಿದ್ದ ಗ್ಯಾರೇಜಿಗೆ ಗಾಡಿ ಒಯ್ದೆ. ಅದರ ಮಾಲೀಕನೇ ನನ್ನ ಫೋನಿನಿಂದ ಎಲ್ಲ ತೆಗೆದು ಕಳಿಸಿದ. ನಡುವೆ ಮೆಲ್ಲಗೆ, "ಅಣ್ಣಾ, ಹಿಂದಿನ ಬಂಪರ್ ಹಳೇದಾಗಿ ಬಿರುಕು ಬಿಟ್ಟಿದೆಯಲ್ಲ, ಅದನ್ನೂ ಇದರಲ್ಲೇ ಸೇರಿಸಿಬಿಡೋಣ" ಎಂದ. ಪಕ್ಕಕ್ಕೆ ಉಜ್ಜಿದ ಸರಳು ಹಿಂದಿನ ಬಂಪರನ್ನು ಹೇಗೆ ಸೀಳುತ್ತದೆ? ಬೇಡ ಅಂದೆ. ಆದರೆ ಅವನ ಮೇಲೆ ಒಂದು ಕಣ್ಣಿಟ್ಟೆ.

ಕಂಪನಿಯ ಪಟ್ಟಿ ಬಂತು. ಒಂದೊಂದು ಭಾಗಕ್ಕೂ ಒಂದೊಂದು ಸಾಲು: ಏನು ಹಾನಿ, ಎಷ್ಟು ಜೋರು, ರಿಪೇರಿಯೋ ಬದಲಿಯೋ, ಯಾವ ಫೋಟೋ ಆಧಾರ. ಕನ್ನಡಿ, ಬದಲಿ. ಫೆಂಡರ್, ರಿಪೇರಿ ಮತ್ತು ಬಣ್ಣ. ಬಾಗಿಲಿನ ಸಾಲಿನಲ್ಲಿ ಮಾತ್ರ: ಗೀರಿನಲ್ಲಿ ತುಕ್ಕು ಕಾಣುತ್ತಿದೆ, ಹಿಂದಿನ ಹಾನಿ, ಪರಿಗಣಿಸಿಲ್ಲ.

ನಿನ್ನೆಯ ಗೀರಿಗೆ ಇವತ್ತು ತುಕ್ಕೇ? ಮೊದಲು ಕಂಪನಿಯ ಮೇಲೆ ಅನುಮಾನ. ಆಮೇಲೆ ಗ್ಯಾರೇಜಿನವನ ಮೇಲೆ. ಬಂಪರ್ ಬೇಡ ಅಂದದ್ದಕ್ಕೆ ನನ್ನದರಂಥ ಬೇರೆ ಯಾವುದೋ ಬಿಳಿ ಕಾರಿನ ಬಾಗಿಲಿನ ಫೋಟೋ ಸೇರಿಸಿ ಸೇಡು ತೀರಿಸಿಕೊಂಡನೇ? ನೇರ ಹೋಗಿ ಕೇಳಿಯೇಬಿಟ್ಟೆ. ಅವನು ಸಿಟ್ಟಾಗಲಿಲ್ಲ. ಫೋನಿನಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದ, ಗಾಡಿಯ ಹತ್ತಿರ ಹೋಗಿ ಗೀರಿಗೆ ಒದ್ದೆ ಬಟ್ಟೆ ಒತ್ತಿ ಒರೆಸಿದ. ಬಟ್ಟೆ ಕೆಂಪಾಯಿತು.

"ತುಕ್ಕು ಒರೆಸಿದ್ರೆ ಹೋಗತ್ತಾ ಮಾರಾಯ್ರೇ? ಮನೇಲಿ ಯಾರು ದೃಷ್ಟಿ ತೆಗೆದಿದ್ದು?"

ಹೆಂಡತಿಗೆ ಫೋನ್ ಮಾಡಿದೆ. ಹಿಂದಿನ ಸಂಜೆ ಅರಿಶಿನ ಸುಣ್ಣದ ಓಕುಳಿ ಮಾಡಿ ಗಾಡಿಗೆ ಇಳಿತೆಗೆದು, ಪೆಟ್ಟಾದ ಜಾಗಕ್ಕೇ ಚಿಮುಕಿಸಿದ್ದಳು. "ಇನ್ನೆಲ್ಲಿಗೆ ಹಾಕಬೇಕಿತ್ತು, ಡಿಕ್ಕಿಗಾ?" ಎಂದಳು. ಗೀರಿನ ಒಳಗೆ ಇಳಿದು ಒಣಗಿದ ಓಕುಳಿ, ಫೋಟೋದಲ್ಲಿ ಅಪ್ಪಟ ತುಕ್ಕು.

ಒರೆಸಿ ಹೊಸ ಫೋಟೋ ಕಳಿಸಿದರೆ, ತಿದ್ದಿದ್ದಾರೆ ಅನ್ನುವುದಿಲ್ಲವೇ? ನಾನೇ ಅವರ ಜಾಗದಲ್ಲಿದ್ದರೆ ಅನ್ನುತ್ತಿದ್ದೆ. ಆಗ ಆಟೋ ನಂಬರಿನ ಫೋಟೋ ನೆನಪಾಯಿತು. ತೆರೆದು ನೋಡಿದೆ. ಆಟೋದ ಹಿಂದೆ ನನ್ನ ಬಾಗಿಲು ಅರ್ಧ ಕಾಣುತ್ತಿತ್ತು, ಗೀರಿನಲ್ಲಿ ತುಕ್ಕಿಲ್ಲದ ತಗಡು ಹೊಳೆಯುತ್ತಿತ್ತು. ತೆಗೆದ ಹೊತ್ತೂ ಅದರಲ್ಲೇ ದಾಖಲಾಗಿತ್ತು. ಅದನ್ನೂ ಒರೆಸಿದ ಮೇಲಿನ ಫೋಟೋವನ್ನೂ ಕಳಿಸಿ, ಓಕುಳಿಯ ವಿಷಯವನ್ನು ಇದ್ದ ಹಾಗೆ ಬರೆದು, ಮರುಪರಿಶೀಲನೆ ಕೇಳಿದೆ. ಕಂಪನಿಯ ಹೆಣ್ಣುಮಗಳೊಬ್ಬಳು ವಿಡಿಯೋ ಕರೆ ಮಾಡಿ ಬಾಗಿಲನ್ನು ಮೂಲೆಯಿಂದ ಮೂಲೆಗೆ ತೋರಿಸಿ ಎಂದಳು. ಹಿಂದಿನ ಬಂಪರನ್ನೂ ತೋರಿಸಿ ಎಂದಳು. ತೋರಿಸಿದೆ. "ಇದನ್ನ ನೀವು ಕೇಳಿಲ್ಲ ಅಲ್ವಾ ಸರ್?"

"ಇಲ್ಲಮ್ಮ, ಅದು ಹಳೇದು."

ಸಂಜೆಗೆ ತಿದ್ದಿದ ಪಟ್ಟಿ ಬಂತು. ಬಾಗಿಲು, ರಿಪೇರಿ ಮತ್ತು ಬಣ್ಣ, ಒಪ್ಪಿಗೆ. ಗ್ಯಾರೇಜಿನವನಿಗೆ ಕ್ಷಮೆ ಕೇಳಲಿಲ್ಲ, ಆದರೆ ಆ ಸಲ ಕೂಲಿಯಲ್ಲಿ ಚೌಕಾಸಿ ಮಾಡಲಿಲ್ಲ. ಅವನಿಗೆ ಅರ್ಥವಾಯಿತು.

ನೀವೂ ಗಾಡಿ ಇಟ್ಟುಕೊಂಡವರಾದರೆ ಕೇಳಿ. ಪೆಟ್ಟಾದ ಜಾಗದಲ್ಲೇ, ಗಾಡಿ ಕದಲಿಸುವ ಮೊದಲೇ ಫೋಟೋ ತೆಗೆಯಿರಿ. ಹತ್ತಿರದ ಫೋಟೋ ಒಂದನ್ನೇ ಕಳಿಸಬೇಡಿ, ಅದು ಯಾವ ಗಾಡಿಯ ಯಾವ ಬಾಗಿಲು ಎಂದು ಗೊತ್ತಾಗುವಂತೆ ದೂರದ್ದೂ ಇರಲಿ. ಕಂಪನಿ ಒಪ್ಪುವವರೆಗೆ ರಿಪೇರಿಗೆ ಕೈಹಾಕಿಸಬೇಡಿ. ಪಟ್ಟಿ ಬಂದರೆ ಮೊತ್ತ ನೋಡಿ ಮಡಚಿಡಬೇಡಿ, ಒಂದೊಂದು ಸಾಲನ್ನೂ ಅದರ ಫೋಟೋದ ಜೊತೆ ಇಟ್ಟು ನೋಡಿ. ದೃಷ್ಟಿ ಧಾರಾಳವಾಗಿ ತೆಗೆಯಿರಿ, ಫೋಟೋ ಆದ ಮೇಲೆ.